ಎರಡನೇ ಮಹಡಿಯ ಅಕ್ಕನಿಗೆ ಬರೆದ ಪ್ರಶಂಸಾಪತ್ರ

ರಾಣೆಬೆನ್ನೂರಿನ ಹೊರಗೆ ಹೆದ್ದಾರಿಯ ಮೇಲಿದ್ದ ಆ ಹೋಟೆಲಿನಲ್ಲಿ ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದೆ. ಮೂರು ಮಹಡಿ, ನಲವತ್ತು ಚಿಲ್ಲರೆ ಕೋಣೆ. ಹೆದ್ದಾರಿಯನ್ನು ನಾಲ್ಕು ಪಥಕ್ಕೆ ಅಗಲ ಮಾಡುತ್ತಿದ್ದ ಕಾಲ ಅದು. ಎಷ್ಟು ಒರೆಸಿದರೂ ಕಿಟಕಿಯ ಮೇಲೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಕೆಮ್ಮಣ್ಣು ಕೂರುತ್ತಿತ್ತು. ಬೀಜದ ಕಂಪನಿಗಳ ಅಧಿಕಾರಿಗಳು, ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಗೆ ಬರುವ ಮೆಣಸಿನಕಾಯಿ ಖರೀದಿದಾರರು, ನದಿ ದಂಡೆಯ ಕಾರ್ಖಾನೆಗೆ ಯಂತ್ರ ಜೋಡಿಸಲು ಬರುವ ಎಂಜಿನಿಯರುಗಳು, ಇವರೇ ನಮ್ಮ ಗಿರಾಕಿಗಳು. ನನಗೆ ಆಗ ಇಪ್ಪತ್ತಾರು ವರ್ಷ. ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಪಾರ್ಶ್ವವಾಯು ಬಡಿದು ಮಲಗಿದ್ದ ಅಪ್ಪನ ಔಷಧಿ ಈ ಕೆಲಸದ ಮೇಲೆ ನಡೆಯುತ್ತಿತ್ತು.

ಎರಡನೇ ಮಹಡಿಯನ್ನು ನೋಡಿಕೊಳ್ಳುತ್ತಿದ್ದವಳನ್ನು ನಾನು ಅಕ್ಕಾ ಎಂದೇ ಕರೆಯುತ್ತಿದ್ದೆ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಬ್ಯಾಡಗಿಯವಳು. ಅವಳ ಗಂಡ ಮಾರುಕಟ್ಟೆಯಲ್ಲಿ ಹಮಾಲ. ಅವಳೂ ಬಹಳ ವರ್ಷ ಅಲ್ಲೇ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡಿ, ಘಾಟಿಗೆ ಕೆಮ್ಮು ಹತ್ತಿ, ಅದನ್ನು ಬಿಟ್ಟು ನಮ್ಮಲ್ಲಿಗೆ ಬಂದಿದ್ದಳು. ಅಲ್ಲಿಯವರೆಗೆ ನಮ್ಮ ಊರುಗಳ ಲಾಡ್ಜುಗಳಲ್ಲಿ ಕೋಣೆ ಕೆಲಸ ಗಂಡಸರದ್ದು. ಹೆಂಗಸರನ್ನು ಕೋಣೆ ಕೆಲಸಕ್ಕೆ ತೆಗೆದುಕೊಂಡ ಮೊದಲಿಗರಲ್ಲಿ ನಾವೂ ಇದ್ದೆವು, ಅವಳು ನಮ್ಮ ಮೊದಲ ತಂಡದಲ್ಲಿ ಬಂದವಳು.

ದಿನಕ್ಕೆ ಹದಿನಾರು ಕೋಣೆ. ಬಾಗಿಲು ಬಡಿದು, ‘ಹೌಸ್‌ಕೀಪಿಂಗ್’ ಎಂದು ಕೂಗಿ, ಕಾದು, ಮತ್ತೆ ಬಡಿದು ಒಳಗೆ ಹೋಗಬೇಕು. ಟ್ರಾಲಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಬೇಕು. ಹಾಸಿಗೆ ಬಿಚ್ಚುವಾಗ ಒಂದೊಂದೇ ಬಟ್ಟೆಯನ್ನು ಬೇರೆಬೇರೆಯಾಗಿ ಝಾಡಿಸಬೇಕು, ಗಿರಾಕಿಯ ಸಾಮಾನು ಅದರಲ್ಲಿ ಸುತ್ತಿಕೊಂಡು ಧೋಬಿಖಾನೆಗೆ ಹೋಗಿಬಿಡುತ್ತದೆ. ಕಡೆಗೆ ಬಚ್ಚಲು. ಅಲ್ಲಿ ನೆಲಕ್ಕೆ ಮೊಣಕಾಲೂರದೆ ಕೆಲಸ ಮುಗಿಯುವುದಿಲ್ಲ. ಕೆಲಸ ಮುಗಿದ ಕೋಣೆಯನ್ನು ನಾನು ತಪಾಸಣೆ ಮಾಡಿ ಸರಿ ಎಂದ ಮೇಲಷ್ಟೇ ರಿಸೆಪ್ಶನ್ನಿನವರು ಅದನ್ನು ಮುಂದಿನ ಗಿರಾಕಿಗೆ ಕೊಡುವುದು.

ಅವಳ ಮೊಣಕಾಲು ಹೋಗಿತ್ತು. ಬೇರೆಯವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಬಚ್ಚಲಿನಿಂದ ಏಳುವಾಗ ಅವಳು ಟಬ್ಬಿನ ಅಂಚು ಹಿಡಿದು, ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ಏಳುತ್ತಿದ್ದಳು. ಆ ವರ್ಷ ನಮ್ಮ ಲಿನನ್ ರೂಮು ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟರು. ಅದು ತಳಮಹಡಿಯ ಕೋಣೆ. ಹಾಸು, ದಿಂಬಿನ ಚೀಲ, ಟವೆಲ್ಲುಗಳನ್ನು ಎಣಿಸಿ ಮಹಡಿಗಳಿಗೆ ಕೊಡುವುದು, ಹರಿದದ್ದನ್ನು ಹೊಲಿಸಲು ತೆಗೆದಿಡುವುದು, ಧೋಬಿಯಿಂದ ಬಂದದ್ದನ್ನು ನೋಡಿ ಇಟ್ಟುಕೊಳ್ಳುವುದು. ಕುಂತು ಮಾಡುವ ಕೆಲಸ. ಏಳನೇ ತರಗತಿ ಓದಿದ್ದ ಅಕ್ಕ ಒಂದು ಹಾಳೆಯ ಮೇಲೆ ತನ್ನ ಕೈಯಾರೆ ಅರ್ಜಿ ಬರೆದು ತಂದು ನನ್ನ ಕೈಗಿಟ್ಟಳು.

“ಮೇಡಂ, ಮ್ಯಾನೇಜರ್ ಸಾಹೇಬ್ರಿಗೆ ನೀವ ಕೊಡ್ರಿ. ನಿಮ್ಮ ಮಾತು ನಡೀತೈತಿ.”

“ಕೊಡ್ತೇನಿ ಅಕ್ಕಾ. ಚೊಲೋ ಟೈಮ್ ನೋಡಿ ಕೊಡ್ತೇನಿ.”

ಆ ಅರ್ಜಿಯನ್ನು ನನ್ನ ಮೇಜಿನ ಡ್ರಾಯರಿನಲ್ಲಿಟ್ಟೆ. ಒಳ್ಳೆಯ ಸಮಯ ಬರಲಿಲ್ಲ.

ಈ ನಡುವೆಯೇ ಆ ಗುಂಟೂರಿನ ಹಿರಿಯರ ಪ್ರಸಂಗ ನಡೆಯಿತು. ಪ್ರತಿ ಸುಗ್ಗಿಗೂ ಬರುತ್ತಿದ್ದ ಮೆಣಸಿನಕಾಯಿ ಖರೀದಿದಾರರು ಅವರು, ಎಪ್ಪತ್ತರ ಹತ್ತಿರದವರು. ಒಂದು ದಿನ ಬೆಳಿಗ್ಗೆ ಅವರ ಬಾಗಿಲಿಗೆ ‘ದಯವಿಟ್ಟು ತೊಂದರೆ ಕೊಡಬೇಡಿ’ ಎಂಬ ಫಲಕ ಬಿತ್ತು. ಅಂಥ ಬಾಗಿಲನ್ನು ನಾವು ಬಡಿಯುವಂತಿಲ್ಲ. ಅಕ್ಕ ತನ್ನ ಹಾಳೆಯಲ್ಲಿ ಹಾಗೆಂದೇ ಗುರುತು ಹಾಕಿಕೊಂಡಳು. ಮರುದಿನ ಬೆಳಿಗ್ಗೆಯೂ ಫಲಕ ಅಲ್ಲೇ ಇತ್ತು. ಒಂಬತ್ತೂವರೆಗೆ ಅವಳು ನನ್ನ ಬಳಿ ಬಂದಳು.

“ಮೇಡಂ, ಗುಂಟೂರು ಯಜಮಾನ್ರ ಬಾಗಲಾ ನಿನ್ನಿಯಿಂದ ತೆರದಿಲ್ರಿ.”

ಅಂದು ಬೀಜದ ಕಂಪನಿಯೊಂದರ ಸಭೆಗೆ ಹನ್ನೆರಡು ಕೋಣೆ ಸಿದ್ಧವಾಗಬೇಕಿತ್ತು. ನಾನು ತಲೆ ಎತ್ತಲಿಲ್ಲ. “ಮಲಗಿರ್ತಾರ ಬಿಡ್ರಿ ಅಕ್ಕಾ. ಬೋರ್ಡ್ ಹಾಕ್ಯಾರಲ್ಲ?”

ಒಂದು ತಾಸಿನ ಮೇಲೆ ಅವಳು ಮತ್ತೆ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೆ ಬಂದು ನನ್ನ ಮೇಜಿನ ಮುಂದೆ ನಿಂತಳು.

“ಇವತ್ತಿನ ಪೇಪರ್ ಬಾಗಲದಾಗ ಬಿದ್ದೈತ್ರಿ, ನಿನ್ನೀದೂ ಅದರ ಬುಡಕ್ಕ ಹಂಗ ಐತಿ. ಅವ್ರು ದಿನಾ ಎಂಟಕ್ಕ ಫ್ಲಾಸ್ಕ್ ಹೊರಗಿಟ್ಟು ಬಿಸಿನೀರು ಕೇಳೋರು. ಎರಡು ದಿನ ಆತು ಕೇಳಿಲ್ಲ. ಇನ್ನ ನೀವು ಬರಲಿಲ್ಲಂದ್ರ ನಾನ ಬಡೀತೇನಿ.”

ಕೋಣೆಗೆ ಫೋನ್ ಮಾಡಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಮ್ಯಾನೇಜರನ್ನು ಕರೆದೆ. ಮೂವರೂ ಹೋಗಿ ಬಡಿದೆವು, ಕೂಗಿದೆವು, ಕಡೆಗೆ ಮ್ಯಾನೇಜರ್ ಮಾಸ್ಟರ್ ಕೀಲಿ ತಿರುಗಿಸಿದರು. ಹಿರಿಯರು ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದರು. ಅಂಗಿ ಬೆವರಿಗೆ ತೊಯ್ದು ಹೋಗಿತ್ತು, ಕಣ್ಣು ತೆರೆದೇ ಇತ್ತು, ಮಾತು ಹೊರಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಸಕ್ಕರೆ ತೀರಾ ಇಳಿದಿದೆ ಎಂದರು. ಹೊಟ್ಟೆ ಕೆಟ್ಟು ಊಟ ಸೇರದೆ ಮಲಗಿದ್ದವರು, ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರಂತೆ. ಇನ್ನೊಂದಿಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಅವರು ಉಳಿದರು. ನಾಲ್ಕು ದಿನದ ಮೇಲೆ ಅವರ ಮಗ ಬಂದು, ಯಾರು ನೋಡಿದ್ದು ಎಂದು ಕೇಳಿ, ಎರಡನೇ ಮಹಡಿಯವರೆಗೆ ಹತ್ತಿ ಹೋಗಿ, ಟ್ರಾಲಿಯ ಪಕ್ಕ ನಿಂತಿದ್ದ ಅಕ್ಕನಿಗೆ ಕೈ ಮುಗಿದರು. ಅವಳು ಕೈಯಲ್ಲಿದ್ದ ಬ್ರಷ್ಷನ್ನು ಎಲ್ಲಿಡುವುದೋ ತಿಳಿಯದೆ ಸೆರಗಿನ ಹಿಂದೆ ಹಿಡಿದುಕೊಂಡಳು.

ನಮ್ಮ ಮ್ಯಾನೇಜರ್ ಹುಬ್ಬಳ್ಳಿಯವರು, ಮುಂಬೈಯ ದೊಡ್ಡ ಹೋಟೆಲುಗಳಲ್ಲಿ ದುಡಿದು ಬಂದವರು. ಕೆಟ್ಟವರಲ್ಲ. ಅಲ್ಲಿ ಕಂಡದ್ದನ್ನೆಲ್ಲ ಇಲ್ಲಿ ನಡೆಸಬೇಕೆಂಬ ಹುರುಪು. ‘ಎಂಪ್ಲಾಯೀ ಆಫ್ ದಿ ಮಂತ್’ ಎಂಬುದನ್ನು ಆ ತಿಂಗಳೇ ಶುರು ಮಾಡಿದರು. ಮೊದಲ ಗೌರವ ಯಾರಿಗೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪ್ರಶಂಸಾಪತ್ರ ಬರೆಯುವ ಕೆಲಸ ನನಗೆ ಬಂತು.

ನಾನು ಒಂದು ಪುಟ ಬರೆದುಕೊಂಡು ಹೋದೆ. ಶ್ರದ್ಧೆ, ಪ್ರಾಮಾಣಿಕತೆ, ಸಮಯಪಾಲನೆ, ನಗುಮೊಗದ ಸೇವೆ. ಅವರು ಅದನ್ನು ಓದಿ ವಾಪಸ್ ಕೊಟ್ಟರು.

“ಇದನ್ನ ಯಾರಿಗೂ ಕೊಡಬಹುದಲ್ರೀ? ನಮ್ಮ ವಾಚ್‌ಮನ್‌ಗೂ ನಡೀತೈತಿ ಇದು. ಆಕಿ ಏನು ಮಾಡ್ತಾಳ ಅದನ್ನ ಬರೀರಿ. ಕೇಳಿದವರಿಗೆ ಆಕಿ ಕಣ್ಣಮುಂದ ಬರಬೇಕು. ಸ್ವಲ್ಪ ಮನಸ್ಸಿಟ್ಟು ಬರೀರಿ.”

ನಾನು ಒಂದು ಇಡೀ ದಿನ ಅವಳ ಹಿಂದೆ ತಿರುಗಿದೆ. ತಪಾಸಣೆಗೆ ಹೋಗುವ ಹಾಗೆ ಅಲ್ಲ, ಸುಮ್ಮನೆ ನೋಡಲು. ಮೆಣಸಿನಕಾಯಿ ವ್ಯಾಪಾರಿಗಳ ಕೋಣೆಯ ಹಾಸುಗಳ ಮೇಲೆ ಕೆಂಪು ಕಲೆ ಬೀಳುತ್ತಿತ್ತು, ಧೋಬಿ ಎಷ್ಟು ಕುದಿಸಿದರೂ ಹೋಗುತ್ತಿರಲಿಲ್ಲ. ಅಕ್ಕ ಅಂಥ ಹಾಸುಗಳನ್ನು ಮೊದಲೇ ಬೇರೆ ಮಾಡಿ, ನೀರು ಮುಟ್ಟಿಸದೆ ಪುಡಿ ಝಾಡಿಸಿ, ಆಮೇಲೆ ಸೋಪು ಹಾಕಿ ತಿಕ್ಕಿ, ತಾರಸಿಯ ಮೇಲೆ ಉರಿಬಿಸಿಲಿಗೆ ಹರವುತ್ತಿದ್ದಳು. “ಈ ಬಣ್ಣಕ್ಕ ಬಿಸಲಾ ಔಷಧರಿ ಮೇಡಂ. ಅಂಗಳದಾಗ ಒಣಾ ಹಾಕಿದ ಕಾಯಿ ಬಹಳ ದಿನ ಬಿಟ್ರ ಬೆಳ್ಳಗಾಗ್ತಾವಲ್ರಿ, ಹಂಗ,” ಎಂದಳು. ಎರಡು ಬಿಸಿಲಿಗೆ ಕಲೆ ಮಾಯ. ಒಂಟಿಯಾಗಿ ಬರುವ ಹೆಂಗಸರ ಕೋಣೆಯಲ್ಲಿ ಬಾಗಿಲ ಚಿಲಕವನ್ನು ತಾನೇ ಎರಡು ಸಲ ಹಾಕಿ ತೆಗೆದು ನೋಡುತ್ತಿದ್ದಳು. ಕನ್ನಡಕ ಎಲ್ಲಿದೆಯೋ ಅಲ್ಲೇ ಇರಬೇಕು, ಒರೆಸಲು ಎತ್ತಿದರೂ ಅದೇ ಜಾಗಕ್ಕೆ ಅದೇ ಮೊಗ ಮಾಡಿ ಇಡುತ್ತಿದ್ದಳು. “ಅವ್ರಿಗೆ ಕನ್ನಡಕ ಇಲ್ಲದಾಗ ಕನ್ನಡಕ ಹುಡುಕಾಕ ಬರಂಗಿಲ್ಲಲ್ರಿ,” ಎಂಬುದು ಅವಳ ಲೆಕ್ಕ.

ಮರುದಿನ ಬರೆಯಲು ಕುಳಿತಾಗ ನನಗೊಂದು ಯೋಚನೆ ಬಂತು. ಚೆನ್ನಾಗಿ ಬರೆದರೆ, ಮ್ಯಾನೇಜರ್ ಮೆಚ್ಚಿದ ಗಳಿಗೆಯಲ್ಲೇ ಆ ಅರ್ಜಿಯನ್ನು ಮುಂದಿಡಬಹುದು. ಆ ಆಸೆಯಿಂದ ನಾನು ಮನಸ್ಸು ಬಿಚ್ಚಿ ಬರೆದೆ. ಗಿರಾಕಿಯ ಹೆಸರು, ಕೋಣೆಯ ನಂಬರು ಹಾಕಲಿಲ್ಲ. ಅದರ ಸಾಲುಗಳು ನನಗೆ ಈಗಲೂ ನೆನಪಿವೆ:

‘ಈ ತಿಂಗಳು ಒಂದು ಬಾಗಿಲಿಗೆ ಎರಡು ದಿನ ಫಲಕ ತೂಗಿತ್ತು. ನಾವೆಲ್ಲರೂ ಫಲಕವನ್ನು ಓದಿದೆವು. ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಅವನು ದಿನಾ ಎಂಟಕ್ಕೆ ಬಿಸಿನೀರು ಕೇಳುತ್ತಾನೆ, ಇವತ್ತು ಕೇಳಿಲ್ಲ ಎಂದು ನೆನೆದವರು ಇವರೊಬ್ಬರೇ. ಒಂದು ಜೀವ ಉಳಿಯಿತು. ಮೆಣಸಿನಕಾಯಿಯ ಕಲೆಯನ್ನು ಬಿಸಿಲಿಗೆ ಒಪ್ಪಿಸುವ ವಿದ್ಯೆಯನ್ನು ನಮಗೆ ಕಲಿಸಿದವರು ಇವರು. ಇವರು ಹಾಸಿದ ಹಾಸಿಗೆಯನ್ನು ನಾನು ಒಮ್ಮೆಯೂ ತೆಗೆಸಿ ಮತ್ತೆ ಹಾಸಿಸಿಲ್ಲ. ಇವರು ಗಿರಾಕಿಯ ಕನ್ನಡಕವನ್ನೂ ಅದರ ಜಾಗದಲ್ಲೇ ಕಾಯುತ್ತಾರೆ. ಎರಡನೇ ಮಹಡಿಗೆ ಇವರ ಬದಲು ಇನ್ನೊಬ್ಬರಿಲ್ಲ.’

ಮ್ಯಾನೇಜರಿಗೆ ಕೊಡುವ ಮುಂಚೆ ಅವಳಿಗೆ ಓದಿ ಹೇಳಿದೆ. ಅವಳು ಗಮನವಿಟ್ಟು ಕೇಳಿ, “ನಾ ಎರಡು ಸಲ ಬಂದು ಹೇಳಿದ್ದು ಇದರಾಗ ಇಲ್ಲಲ್ರಿ,” ಎಂದಳು. ದೂರುವ ದನಿಯಲ್ಲ. ನಾನು ಹಾಳೆ ಮಡಚುತ್ತ, “ಜಾಗ ಸಾಲಲಿಲ್ಲ ಅಕ್ಕಾ,” ಎಂದೆ. ಅವಳು ಟ್ರಾಲಿ ತಳ್ಳಿಕೊಂಡು ಮುಂದಿನ ಕೋಣೆಗೆ ಹೋದಳು.

ಮ್ಯಾನೇಜರ್ ಓದಿ ಮೇಜು ತಟ್ಟಿದರು. “ಹಿಂಗ ಬರೀಬೇಕ್ರಿ!” ನಾನು ಅದೇ ಗಳಿಗೆಗೆ ಕಾದಿದ್ದವಳು ಅರ್ಜಿಯನ್ನು ಮುಂದಿಟ್ಟೆ. ಮೊಣಕಾಲಿನ ವಿಷಯ ಹೇಳಿದೆ. ಅವರು ಅರ್ಜಿಯನ್ನೂ ಓದಿದರು. ಆಮೇಲೆ ನನ್ನ ಪ್ರಶಂಸಾಪತ್ರವನ್ನು ಮತ್ತೆ ಎತ್ತಿಕೊಂಡು, ಕಡೆಯ ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದರು.

“‘ಎರಡನೇ ಮಹಡಿಗೆ ಇವರ ಬದಲು ಇನ್ನೊಬ್ಬರಿಲ್ಲ.’ ನೀವ ಬರದೀರಿ. ಇಂಥಾಕಿನ್ನ ಒಯ್ದು ಬಟ್ಟಿ ಎಣಿಸಾಕ ಕುಂದ್ರಸೂಣೇನ್ರಿ?”

“ಸರ್, ಅದು ಹೊಗಳಿ ಬರದದ್ದು...”

“ಖರೇನ ಬರದೀರಲ್ಲ? ಮತ್ತೇನು? ಲಿನನ್ ರೂಮಿಗೆ ಯಾರನ್ನರ ಹಾಕಬಹುದು. ಫ್ಲೋರಿಗೆ ಆಕೀನ ಬೇಕು. ಆಕಿ ಹ್ವಾದ್ರ ಆ ಹದಿನಾರು ರೂಮಿನ ಜವಾಬ್ದಾರಿ ನಿಮ್ಮದು. ನಿಮ್ಮ ಕನ್ಫರ್ಮೇಶನ್ ಕಾಗದಾನೂ ನನ್ನ ಟೇಬಲ್ ಮ್ಯಾಲೆ ಐತಿ. ವಿಚಾರ ಮಾಡ್ರಿ.”

ಬೆದರಿಸುವ ಹಾಗೆ ಅವರು ಹೇಳಲಿಲ್ಲ. ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿದರು. ನಾನು ಹೂಂ ಎಂದು ಹೊರಗೆ ಬಂದೆ. ಕಾರಿಡಾರಿನಲ್ಲಿ ನಿಂತು ಆ ಒಂದು ಸಾಲನ್ನು ಹೊಡೆದುಹಾಕಲು ಬರುತ್ತದೆಯೇ ಎಂದು ಯೋಚಿಸಿದೆ. ಪತ್ರ ಅವರ ಬಳಿಯೇ ಇತ್ತು, ಅಲ್ಲಿಂದ ನೇರ ಟೈಪಿಗೆ ಹೋಯಿತು.

ಒಂದನೇ ತಾರೀಖು ಬೆಳಿಗ್ಗೆ, ಅಡುಗೆಮನೆಯ ಹಿಂದಿನ ವರಾಂಡದಲ್ಲಿ, ದಿನಾ ನಮ್ಮ ಬ್ರೀಫಿಂಗ್ ನಡೆಯುವ ಜಾಗದಲ್ಲಿ ಎಲ್ಲರೂ ಸೇರಿದೆವು. ಉಪ್ಪಿಟ್ಟು, ಚಹಾ ಮಾಡಿಸಿದ್ದರು. ನಾನೇ ಓದಿದೆ. ಬಿಸಿನೀರಿನ ಸಾಲಿಗೆ ಬಂದಾಗ ಅಡುಗೆಯ ಭಟ್ಟರು ಕಣ್ಣೊರೆಸಿಕೊಂಡರು. ಅಕ್ಕ ಹೊಸ ಸೀರೆ ಉಟ್ಟು ಬಂದಿದ್ದಳು. ಮುಖ ಕೆಂಪಗಾಗಿತ್ತು. ಅವಳ ಬಗ್ಗೆ ಯಾರಾದರೂ ಬರೆದದ್ದನ್ನು ನಾಲ್ಕು ಜನರ ಮುಂದೆ ಕೇಳಿದ್ದು ಜೀವನದಲ್ಲಿ ಅದೇ ಮೊದಲು ಎಂದು ಆಮೇಲೆ ಹೇಳಿದಳು. ಮ್ಯಾನೇಜರ್ ಕಟ್ಟು ಹಾಕಿಸಿದ ಪತ್ರ ಕೊಟ್ಟು, ಎಲ್ಲರ ಚಪ್ಪಾಳೆಯ ನಡುವೆ, “ಇವರನ್ನ ನಾವು ಎರಡನೇ ಮಹಡಿಯಿಂದ ಎಲ್ಲಿಗೂ ಬಿಟ್ಟು ಕೊಡಂಗಿಲ್ಲ!” ಎಂದರು. ಎಲ್ಲರೂ ನಕ್ಕರು. ಫೋಟೋ ತೆಗೆಯುವವನು ನಗ್ರಿ ಎಂದ. ಅವಳು ನನ್ನ ಕಡೆ ನೋಡಿದಳು. ಅರ್ಜಿಗೆ ಉತ್ತರ ಬಂತೆಂದು ಅವಳಿಗೆ ತಿಳಿಯಿತು. ಫೋಟೋಕ್ಕೆ ನಕ್ಕಳು.

ಫೋಟೋವನ್ನು ಹಾಜರಿ ಯಂತ್ರದ ಪಕ್ಕ ತೂಗುಹಾಕಿದರು. ಅಲ್ಲಿಂದಾಚೆಗೆ ಕಷ್ಟದ ಕೋಣೆಗಳೆಲ್ಲ ಅವಳಿಗೇ. ಮಕ್ಕಳು ಗಲೀಜು ಮಾಡಿದ ಕೋಣೆ, ಮಾಲೀಕರ ಬಂಧುಗಳು ಬರುವ ದೊಡ್ಡ ಕೋಣೆ, ದೂರು ಬಂದ ಕೋಣೆ. ಮೊದಲ ಮಹಡಿಯವರು, “ಅವಾರ್ಡ್ ತಗೊಂಡಾಕಿ ಅದಾಳಲ್ಲ, ಆಕಿಗೇ ಹೇಳ್ರಿ,” ಎನ್ನುತ್ತಿದ್ದರು. ಯಾರಿಗೆ ಯಾವ ಕೋಣೆ ಎಂದು ಬೆಳಿಗ್ಗೆ ಬರೆಯುವ ಹಾಳೆ ನನ್ನ ಕೈಬರಹದ್ದು. ಮ್ಯಾನೇಜರ್ ಹೇಳಿದ್ದೆಷ್ಟೋ, ನಾನೇ ನನ್ನ ಅನುಕೂಲಕ್ಕೆ ಬರೆದದ್ದೆಷ್ಟೋ. ಅವಳ ಕೋಣೆಗಳನ್ನು ತಪಾಸಣೆ ಮಾಡುವುದು ಬೇಕಾಗುತ್ತಿರಲಿಲ್ಲ. ಕಾಗದದ ಮೇಲೆ ಹದಿನಾರೇ ಕೋಣೆ, ಆದರೆ ಅವು ಇಪ್ಪತ್ತರ ಭಾರದವು. ಲಿನನ್ ರೂಮಿಗೆ ಮ್ಯಾನೇಜರ್ ಪರಿಚಯದ ಯಾರೋ ಬಂದು ಕುಂತರು.

ಎರಡು ತಿಂಗಳ ಮೇಲೆ ಒಂದು ದಿನ ಅವಳು ಬಚ್ಚಲಿನ ನೆಲದಲ್ಲಿ ಕುಂತವಳು ಏಳಲಾಗದೆ ಹಾಗೇ ಕುಂತಿದ್ದಳು. ನಾನು ಕೈ ಹಿಡಿದು ಎಬ್ಬಿಸಿದೆ.

“ಅಕ್ಕಾ, ರಜಾ ತಗೋರಿ ಎರಡು ದಿನ.”

“ರಜಾ ತಗೊಂಡ್ರ ಮೂರನೇ ದಿನ ಇದ ಬಚ್ಚಲ ಅಲ್ರೀ ಮೇಡಂ?” ಅವಳು ಟಬ್ಬಿನ ಅಂಚಿನ ಮೇಲೆ ಕುಂತು ಮೊಣಕಾಲು ತಿಕ್ಕಿಕೊಂಡಳು. “ನೀವು ಆ ಪತ್ರದಾಗ ನನ್ನ ಬಗ್ಗೆ ಕೆಟ್ಟದ್ದು ಬರದಿದ್ರನ ಚೊಲೋ ಇತ್ತು. ಸುಮ್ಮ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ.”

ನಾನು ಸಿಟ್ಟಾಗಲಿಲ್ಲ. ಬಾಗಿಲಿಗೆ ಅಡ್ಡ ನಿಂತಿದ್ದ ಟ್ರಾಲಿ ಸರಿಸಿ ಹೊರಗೆ ಹೋಗುವಷ್ಟರಲ್ಲಿ ಅವಳೇ ಮತ್ತೆ ಕರೆದಳು. ಹಾವೇರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಟ್ಟೆಗಳ ಕೋಣೆ ನೋಡಿಕೊಳ್ಳಲು ಜನ ಬೇಕಾಗಿದ್ದಾರೆ, ಹಿಂದಿನ ಕೆಲಸದ ಕಾಗದ ಕೇಳುತ್ತಾರೆ ಎಂದಳು. ಕೆಲಸದಲ್ಲಿದ್ದವರಿಗೆ ನಮ್ಮಲ್ಲಿ ಅನುಭವದ ಕಾಗದ ಕೊಡುತ್ತಿರಲಿಲ್ಲ, ಬಿಟ್ಟ ಮೇಲೂ ತಿಂಗಳು ಕಾಯಿಸುತ್ತಿದ್ದರು. ಅವಳ ಬಳಿ ಇದ್ದದ್ದು ಆ ಒಂದೇ ಪತ್ರ. ಹೋಟೆಲಿನ ತಲೆಬರಹ, ಮ್ಯಾನೇಜರ ಸಹಿ, ಮೊಹರು.

“ಅದನ್ನ ಒಯ್ಲೇನ್ರಿ?”

“ಒಯ್ರಿ. ಅದು ನಿಮ್ಮದು.”

ಮುಂದಿನ ವಾರದ ರಜೆಗೆ ಅವಳು ಕಟ್ಟು ಬಿಚ್ಚಿ, ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹಾವೇರಿಗೆ ಹೋದಳು. ಮರುದಿನ ಹನ್ನೊಂದರ ಸುಮಾರಿಗೆ ನನ್ನ ಮೇಜಿನ ಫೋನು ರಿಂಗಾಯಿತು. ಆ ಆಸ್ಪತ್ರೆಯ ಮೇಟ್ರನ್. ಅದೇ ಹೊತ್ತಿಗೆ ಮ್ಯಾನೇಜರ್ ನನ್ನ ಕೋಣೆಯಲ್ಲಿದ್ದರು, ಗೋಡೆಯ ಮೇಲಿನ ಡ್ಯೂಟಿ ಪಟ್ಟಿ ನೋಡುತ್ತಿದ್ದರು.

“ನಿಮ್ಮ ಹೋಟೆಲ್ ಪತ್ರ ಓದಿದೆನ್ರಿ,” ಎಂದಿತು ಆ ದನಿ. “ಇಷ್ಟು ಚೊಲೋ ಬರದಾರ. ಇಷ್ಟು ಚೊಲೋ ಇದ್ದಾಕಿ ಯಾಕ ಬಿಡಾಕತ್ತಾಳ? ಏನರ ಭಾನಗಡಿ, ಕಳವು ಗಿಳವು ಐತೇನು? ಖರೇ ಹೇಳ್ರಿ, ನಮ್ಮದು ಆಸ್ಪತ್ರಿ.”

ಮ್ಯಾನೇಜರ ಬೆನ್ನು ನನ್ನ ಕಡೆಗಿತ್ತು. ‘ಆಮ್ಯಾಲೆ ಮಾಡ್ತೇನ್ರಿ’ ಎಂದು ಇಟ್ಟುಬಿಡಬಹುದಿತ್ತು. ನನ್ನ ಕಾಯಂ ಕಾಗದ ಇನ್ನೂ ಬಂದಿರಲಿಲ್ಲ. ಇಟ್ಟರೆ ಅವಳಿಗೆ ಆ ಆಸ್ಪತ್ರೆಯ ಕೆಲಸ ತಪ್ಪುತ್ತದೆ, ಮತ್ತೆ ಮಾಡುವ ಧೈರ್ಯ ನನಗೆ ಬರುವುದಿಲ್ಲ ಎಂದೂ ಗೊತ್ತಿತ್ತು.

“ಭಾನಗಡಿ ಏನಿಲ್ರಿ,” ಎಂದೆ. “ಆಕಿ ಮೊಣಕಾಲು ಸೋತಾವ್ರಿ. ಕುಂತು ಮಾಡೂ ಕೆಲಸಾ ಕೇಳಿದ್ಲು, ನಾವು ಕೊಡಲಿಲ್ಲ. ಆಕಿ ಚೊಲೋ ಕೆಲಸಾ ಮಾಡ್ತಾಳಂತ ಕೊಡಲಿಲ್ಲ. ಇನ್ನೊಂದು ಹೇಳ್ತೇನ್ರಿ. ಆ ಪತ್ರದಾಗ ಒಬ್ಬ ಮನುಷ್ಯಾನ್ನ ಉಳಿಸಿದ್ದು ಐತಲ್ಲ, ಆಕಿ ಮೊದಲ ಸಲ ಬಂದು ಹೇಳಿದಾಗ ನಾನ ಆಕಿನ್ನ ತಿರುಗಿ ಕಳಿಸಿದ್ದೆ. ಆಕಿ ಎರಡನೇ ಸಲ ಬಂದ್ಲು. ಅದನ್ನ ನಾ ಬರೀಲಿಲ್ಲ.”

“ಹಂಗಾರ ಕಳಸ್ರಿ,” ಎಂದು ಮೇಟ್ರನ್ ಫೋನಿಟ್ಟರು.

ಮ್ಯಾನೇಜರ್ ತಿರುಗಿ ನಿಂತಿದ್ದರು. “ಫೋನಿನ್ಯಾಗ ಹೇಳಿದ್ದನ್ನ ನನಗ ಆವತ್ತ ಹೇಳಬೇಕಿತ್ತು,” ಎಂದಷ್ಟೇ ಅಂದು ಹೊರಟುಹೋದರು. ಅವರು ಯಾವುದನ್ನು ಕುರಿತು ಹಾಗೆ ಅಂದರೋ, ಮೊಣಕಾಲು ಅಷ್ಟು ಸೋತದ್ದನ್ನೋ, ಗುಂಟೂರಿನವರ ವಿಷಯವನ್ನೋ, ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ನನ್ನ ಕಾಯಂ ಕಾಗದ ಆರು ತಿಂಗಳು ಮುಂದೆ ಹೋಯಿತು.

ಅಕ್ಕ ತಿಂಗಳ ಕೊನೆಗೆ ಬಿಟ್ಟಳು. ಬದಲಿಯವಳನ್ನು ಹುಡುಕಿ ಕಲಿಸುವ ತನಕ ಎರಡನೇ ಮಹಡಿಯ ಅರ್ಧ ಕೋಣೆಗಳನ್ನು ನಾನೇ ಮಾಡಿದೆ. ಮೊದಲ ದಿನವೇ ಬಚ್ಚಲಿನಿಂದ ಏಳುವಾಗ ಟಬ್ಬಿನ ಅಂಚು ಹಿಡಿದೆ. ಮುಂದಿನ ತಿಂಗಳ ಪ್ರಶಂಸಾಪತ್ರ ಅಡುಗೆಯ ಭಟ್ಟರಿಗೆ. ಬರೆಯಲು ಮತ್ತೆ ನನಗೇ ಹೇಳಿದರು. ಶ್ರದ್ಧೆ, ಪ್ರಾಮಾಣಿಕತೆ, ಸಮಯಪಾಲನೆ ಎಂದು ಬರೆದುಕೊಟ್ಟೆ. ಮ್ಯಾನೇಜರ್ ಈ ಸಲ ವಾಪಸ್ ಕೊಡಲಿಲ್ಲ.

ವರ್ಷದ ಮೇಲೆ, ಬ್ಯಾಡಗಿಯಲ್ಲಿ ಒಂದು ಮದುವೆ ಮುಗಿಸಿ ನೇರ ಹೋಟೆಲಿಗೆ ಹೊರಟು ಮೋಟೆಬೆನ್ನೂರಿನ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವಳು ಸಿಕ್ಕಳು. ಸ್ವಲ್ಪ ದಪ್ಪಗಾಗಿದ್ದಳು. ಆಸ್ಪತ್ರೆಯ ಬಟ್ಟೆಗಳದ್ದು ಬೇರೆಯೇ ಶಾಸ್ತ್ರ ಎಂದು ಉತ್ಸಾಹದಿಂದ ಹೇಳತೊಡಗಿದಳು. ರಕ್ತದ ಕಲೆಗೆ ಮೊದಲು ತಣ್ಣೀರೇ ಆಗಬೇಕು, ಬಿಸಿನೀರು ತಾಗಿದರೆ ಕಲೆ ಕೂತುಬಿಡುತ್ತದೆ, ಹೊಸದಾಗಿ ಬರುವ ನರ್ಸುಗಳಿಗೆ ಅದು ತಿಳಿಯುವುದಿಲ್ಲ, ದಿನಾ ಜಗಳ. ಒಂದು ಸ್ಟೂಲು ಕೊಟ್ಟಿದ್ದಾರಂತೆ. ಮೊಣಕಾಲು ಪೂರಾ ಸರಿಯಾಗಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತದೆ ಎಂದಳು.

“ನೀವು ಇನ್ನೂ ಅಲ್ಲೇ ಅದೀರೇನ್ರಿ ಮೇಡಂ?”

“ಅಲ್ಲೇ ಅದೇನಿ.”

“ಎಷ್ಟು ದಿನಾ ಇರ್ತೀರಿ?”

ಅಪ್ಪ ಇನ್ನೂ ಮಲಗಿದ್ದಲ್ಲೇ ಇದ್ದ. ಕಾಯಂ ಕಾಗದ ಕೈಗೆ ಬಂದು ಆರು ತಿಂಗಳಾಗಿತ್ತು, ಅದು ಬಂದ ಮೇಲೆ ಬಿಡುವ ಮಾತು ಇನ್ನೂ ದೂರವಾಗಿತ್ತು. ಅಷ್ಟರಲ್ಲಿ ಹಾವೇರಿ ಕಡೆಯಿಂದ ರಾಣೆಬೆನ್ನೂರಿನ ಬಸ್ಸು ಬಂತು. ಅವಳು ನನ್ನ ಚೀಲ ಎತ್ತಿಕೊಟ್ಟು, “ಹತ್ರಿ, ಲಗೂ ಹತ್ರಿ, ಸೀಟ್ ಐತಿ,” ಎಂದಳು. ನಾನು ಹತ್ತಿದೆ.